ಬಿಲ್ ಬಾರದ ವಿದ್ಯುತ್ ಮತ್ತು ದೂರವಾಣಿ ವೆಚ್ಚಗಳ ಬಾಕಿ ನಮೂದು

ಬಿಲ್ ಬಾರದ ವಿದ್ಯುತ್ ಮತ್ತು ದೂರವಾಣಿ ವೆಚ್ಚಗಳ ಬಾಕಿ ನಮೂದು ಎಂದರೆ, ತಿಂಗಳ ಕೊನೆಯ ದಿನದವರೆಗೆ ಬಳಸಿಯೂ ಇನ್ನೂ ಬಿಲ್ ಬಾರದಿರುವ ವಿದ್ಯುತ್ತು ಮತ್ತು ದೂರವಾಣಿ ಸೇವೆಯ ಮೊತ್ತವನ್ನು ಲೆಕ್ಕಹಾಕಿ, ಅದನ್ನು ಅದೇ ತಿಂಗಳ ವೆಚ್ಚವಾಗಿ ಲೆಕ್ಕಪುಸ್ತಕದಲ್ಲಿ ಬರೆಯುವ ಕ್ರಮ. ಬಿಲ್ ಬಂದ ದಿನ ಅಥವಾ ಹಣ ಕೊಟ್ಟ ದಿನವನ್ನು ಇಲ್ಲಿ ಪರಿಗಣಿಸುವುದಿಲ್ಲ. ಸೇವೆ ಪಡೆದ ದಿನವನ್ನು ಪರಿಗಣಿಸಲಾಗುತ್ತದೆ. ವಾಣಿಜ್ಯ ಪಠ್ಯಗಳಲ್ಲಿ ಇಂಥ ಮೊತ್ತವನ್ನು 'ಬಾಕಿ ವೆಚ್ಚ' ಎಂದು ಕರೆಯುತ್ತಾರೆ. 2013ರ ಕಂಪನಿ ಕಾಯಿದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು ಈ ತತ್ತ್ವದ ಮೇಲೆಯೇ ಇಡಬೇಕು.

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಕರಾವಳಿಯಲ್ಲಿ ಮೀನುಗಾರಿಕೆಯನ್ನು ಅವಲಂಬಿಸಿದ ಉದ್ಯಮಗಳ ವಿದ್ಯುತ್ ಬಳಕೆ ಋತುವಿಗೆ ತಕ್ಕಂತೆ ತೀವ್ರವಾಗಿ ಏರಿಳಿಯುತ್ತದೆ. ಆದುದರಿಂದ ಹಿಂದಿನ ಬಿಲ್ಲಿನ ಸರಾಸರಿಗಿಂತ ತಿಂಗಳ ಕೊನೆಯ ದಿನದ ಮೀಟರ್ ಓದುವಿಕೆ ಇಲ್ಲಿ ಹೆಚ್ಚು ನಂಬಲರ್ಹವಾದ ಆಧಾರವಾಗಿದೆ.

## ಹಿನ್ನೆಲೆ

ಈ ಮೂರೂ ತಾಲೂಕುಗಳಿಗೆ ವಿದ್ಯುತ್ ಪೂರೈಸುವ ಸಂಸ್ಥೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ. ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಮೀಟರ್ ಓದುವ ಸಿಬ್ಬಂದಿ ಒಂದೊಂದು ಪ್ರದೇಶಕ್ಕೆ ತಿಂಗಳ ಒಂದೊಂದು ದಿನ ಬಂದು, ಸ್ಥಳದಲ್ಲಿಯೇ ಬಿಲ್ಲಿನ ಚೀಟಿಯನ್ನು ಮುದ್ರಿಸಿಕೊಡುತ್ತಾರೆ. ಒಂದೇ ಮಾಲೀಕರ ಮೂರು ಸ್ಥಾವರಗಳು ಮೂರು ಊರುಗಳಲ್ಲಿದ್ದರೆ ಬಿಲ್ಲಿನ ದಿನಾಂಕಗಳೂ ಮೂರಾಗಬಹುದು.

ಉದಾಹರಣೆಗೆ, ಬೈಂದೂರಿನ ಅಂಗಡಿಯ ಮೀಟರನ್ನು 5ರಂದು, ಗಂಗೊಳ್ಳಿಯ ಘಟಕದ್ದನ್ನು 12ರಂದು, ಬ್ರಹ್ಮಾವರದ ಕಚೇರಿಯದನ್ನು 20ರಂದು ಓದಲಾಗುತ್ತದೆ ಎಂದು ಭಾವಿಸಬಹುದು. ಜೂನ್ 30ರಂದು ಲೆಕ್ಕ ಮುಗಿಸುವಾಗ ಬೈಂದೂರಿನ 25 ದಿನಗಳ, ಗಂಗೊಳ್ಳಿಯ 18 ದಿನಗಳ ಮತ್ತು ಬ್ರಹ್ಮಾವರದ 10 ದಿನಗಳ ಬಳಕೆಗೆ ಬಿಲ್ ಇರುವುದಿಲ್ಲ. ಮೂರಕ್ಕೂ ಒಂದೇ ಅಂದಾಜು ಹೊಂದುವುದಿಲ್ಲ. ಪ್ರತಿಯೊಂದು ಸ್ಥಾವರಕ್ಕೂ ಅದರ ಕೊನೆಯ ಬಿಲ್ಲಿನ ದಿನಾಂಕದಿಂದ ಎಣಿಸಬೇಕಾಗುತ್ತದೆ.

## ವಿದ್ಯುತ್ ವೆಚ್ಚವನ್ನು ಲೆಕ್ಕಹಾಕುವ ಕ್ರಮ

ತಿಂಗಳ ಕೊನೆಯ ದಿನ, ಕೆಲಸ ಮುಗಿದ ಮೇಲೆ, ಮೀಟರಿನ ಒಟ್ಟು ಯೂನಿಟ್ ಅಂಕಿಯನ್ನು ಗುರುತು ಹಾಕಿಕೊಳ್ಳುವುದು ಮೊದಲ ಹಂತ. ಈಗಿನ ವಿದ್ಯುನ್ಮಾನ ಮೀಟರುಗಳ ಪರದೆಯಲ್ಲಿ ಹಲವು ಅಂಕಿಗಳು ಒಂದರ ಹಿಂದೊಂದು ಬರುತ್ತವೆ: ದಿನಾಂಕ, ವೇಳೆ, ವೋಲ್ಟೇಜು, ಗರಿಷ್ಠ ಬೇಡಿಕೆ, ಪವರ್ ಫ್ಯಾಕ್ಟರ್ ಇತ್ಯಾದಿ. ಅವುಗಳಲ್ಲಿ kWh ಎಂಬ ಗುರುತಿನೊಂದಿಗೆ ಬರುವ ಒಟ್ಟು ಅಂಕಿಯೇ ಬೇಕಾದದ್ದು. kVAh ಎಂಬ ಗುರುತಿನ ಅಂಕಿಯೂ ಹೆಚ್ಚುಕಡಿಮೆ ಹಾಗೆಯೇ ಕಾಣುವುದರಿಂದ ಗೊಂದಲವಾಗುವ ಸಂಭವವಿದೆ. ಪರದೆಯ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡರೆ ಲೆಕ್ಕಪರಿಶೋಧಕರಿಗೂ ಅದು ಆಧಾರವಾಗುತ್ತದೆ.

ಎರಡನೆಯದು, ಕೊನೆಯ ಬಿಲ್ಲಿನಲ್ಲಿರುವ 'ಇಂದಿನ ಮಾಪನ'ವನ್ನು ಈ ಅಂಕಿಯಿಂದ ಕಳೆಯುವುದು. ದೊಡ್ಡ ಸ್ಥಾವರಗಳಲ್ಲಿ ಪೂರ್ಣ ವಿದ್ಯುತ್ ಪ್ರವಾಹ ಮೀಟರಿನ ಮೂಲಕ ಹರಿಯುವುದಿಲ್ಲ. ಕರೆಂಟ್ ಟ್ರಾನ್ಸ್‌ಫಾರ್ಮರ್ ಎಂಬ ಸಾಧನ ಅದರ ಒಂದು ಅಂಶವನ್ನು ಮಾತ್ರ ಮೀಟರಿಗೆ ಕೊಡುತ್ತದೆ. 100 ಆಂಪಿಯರಿಗೆ 5 ಆಂಪಿಯರ್ ಕೊಡುವ ಸಾಧನವಿದ್ದು, ಮೀಟರ್ ಆ ಅನುಪಾತವನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಬಂದ ವ್ಯತ್ಯಾಸವನ್ನು 20ರಿಂದ ಗುಣಿಸಬೇಕು. ಈ ಗುಣಕ ಬಿಲ್ಲಿನಲ್ಲಿಯೇ ಮುದ್ರಿತವಾಗಿರುತ್ತದೆ. ಇದನ್ನು ಮರೆತರೆ ಲೆಕ್ಕಕ್ಕೆ ಬರುವ ಯೂನಿಟ್ಟುಗಳು ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತವೆ.

ಮೂರನೆಯದು ದರ. ಬಿಲ್ಲಿನಲ್ಲಿ ಎರಡು ಬಗೆಯ ಶುಲ್ಕಗಳಿರುತ್ತವೆ. ಶಕ್ತಿ ಶುಲ್ಕ, ಇಂಧನ ವೆಚ್ಚ ಹೊಂದಾಣಿಕೆ ಮತ್ತು ವಿದ್ಯುತ್ ತೆರಿಗೆ ಬಳಸಿದ ಯೂನಿಟ್ಟುಗಳನ್ನು ಅನುಸರಿಸಿ ಬೆಳೆಯುತ್ತವೆ. ನಿಗದಿತ ಶುಲ್ಕವು ಮಂಜೂರಾದ ಹೊರೆಗೆ ಸಂಬಂಧಿಸಿದ್ದು. ಒಂದು ಯೂನಿಟ್ಟೂ ಬಳಸದಿದ್ದರೂ ಅದನ್ನು ಕೊಡಬೇಕು. ಆದುದರಿಂದ ಮೊದಲನೆಯದನ್ನು ಯೂನಿಟ್ಟುಗಳ ಮೇಲೆಯೂ ಎರಡನೆಯದನ್ನು ದಿನಗಳ ಮೇಲೆಯೂ ಪ್ರತ್ಯೇಕವಾಗಿ ಲೆಕ್ಕಹಾಕಲಾಗುತ್ತದೆ. ಬಿಲ್ಲಿನ ಕೊನೆಯಲ್ಲಿರುವ ಒಟ್ಟು ಮೊತ್ತವನ್ನು ಆಧಾರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿ ಹಿಂದಿನ ಬಾಕಿ ಮತ್ತು ಬಡ್ಡಿ ಸೇರಿರಬಹುದು.

## ಉದಾಹರಣೆ: ಗಂಗೊಳ್ಳಿಯ ಮಂಜುಗಡ್ಡೆ ಘಟಕ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಮುಖ್ಯವಾಗಿ ನಾಡದೋಣಿಗಳು ಮಾತ್ರ ಕಡಲಿಗಿಳಿಯುವುದರಿಂದ ಮಂಜುಗಡ್ಡೆಯ ಬೇಡಿಕೆ ಬಹುಪಾಲು ನಿಂತುಹೋಗುತ್ತದೆ. ಕುಂದಾಪುರ ತಾಲೂಕಿನ ಗಂಗೊಳ್ಳಿ ಬಂದರಿನ ಒಂದು ಕಾಲ್ಪನಿಕ ಮಂಜುಗಡ್ಡೆ ಘಟಕದ ಜೂನ್ ತಿಂಗಳ ಲೆಕ್ಕ ಹೀಗಿದೆ. ಇದರಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು.

* ಜೂನ್ 12ರ ಬಿಲ್ಲಿನ ಮಾಪನ: 48,620
* ಜೂನ್ 30ರ ಸಂಜೆಯ ಮಾಪನ: 48,698
* ಗುಣಕ: 20
* ತೆರಿಗೆಯೂ ಸೇರಿ ಯೂನಿಟ್ಟಿಗೆ: ₹7
* ತಿಂಗಳ ನಿಗದಿತ ಶುಲ್ಕ: ₹15,000

ಎರಡು ಮಾಪನಗಳ ವ್ಯತ್ಯಾಸ 78. ಅದನ್ನು 20ರಿಂದ ಗುಣಿಸಿದರೆ 1,560 ಯೂನಿಟ್. ₹7ರಂತೆ ಅದರ ಮೊತ್ತ ₹10,920. ನಿಗದಿತ ಶುಲ್ಕದಲ್ಲಿ 30 ದಿನಗಳಿಗೆ 18 ದಿನಗಳ ಪಾಲು ₹9,000. ಒಟ್ಟು ಬಾಕಿ ವೆಚ್ಚ ₹19,920.

ಇದೇ ಮೊತ್ತವನ್ನು ಹಿಂದಿನ ಬಿಲ್ಲಿನ ಸರಾಸರಿಯಿಂದ ಅಂದಾಜಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಬಹುದು. ಮೇ 12ರಿಂದ ಜೂನ್ 12ರವರೆಗಿನ 31 ದಿನಗಳ ಬಿಲ್ಲಿನಲ್ಲಿ 18,600 ಯೂನಿಟ್ ಇತ್ತು ಎಂದು ಇಟ್ಟುಕೊಂಡರೆ, ದಿನದ ಸರಾಸರಿ 600 ಯೂನಿಟ್. 18 ದಿನಗಳಿಗೆ 10,800 ಯೂನಿಟ್, ಅಂದರೆ ₹75,600. ನಿಗದಿತ ಶುಲ್ಕ ಸೇರಿ ₹84,600. ವಾಸ್ತವಕ್ಕಿಂತ ಇದು ₹64,680ರಷ್ಟು ಹೆಚ್ಚು. ಆ ಬಿಲ್ಲಿನ ಮೊದಲ 19 ದಿನಗಳು ಮೀನುಗಾರಿಕೆ ನಡೆಯುತ್ತಿದ್ದ ಮೇ ತಿಂಗಳಿಗೆ ಸೇರಿದ್ದವು. ಬಿಲ್ ಬಾರದ 18 ದಿನಗಳೆಲ್ಲವೂ ನಿಷೇಧದ ಅವಧಿಯವು. ಸರಾಸರಿಗೆ ಈ ಭೇದ ತಿಳಿಯುವುದಿಲ್ಲ. ದೋಣಿಗಳು ಮತ್ತೆ ಹೊರಡುವ ಆಗಸ್ಟಿನಲ್ಲಿ ಇದೇ ತಪ್ಪು ತಿರುಗುಮುರುಗಾಗಿ, ವೆಚ್ಚ ಕಡಿಮೆಯೂ ಲಾಭ ಹೆಚ್ಚೂ ಆಗಿ ಕಾಣುತ್ತದೆ.

## ನಮೂದು ಮತ್ತು ಅದರ ಹಿಮ್ಮರಳಿಕೆ

ಜೂನ್ 30ರ ಜರ್ನಲ್ ನಮೂದಿನಲ್ಲಿ ವಿದ್ಯುತ್ ವೆಚ್ಚ ಖಾತೆಗೆ ₹19,920 ಡೆಬಿಟ್, ಬಾಕಿ ವಿದ್ಯುತ್ ವೆಚ್ಚ ಖಾತೆಗೆ ಅಷ್ಟೇ ಕ್ರೆಡಿಟ್. ಮೊದಲನೆಯದು ಲಾಭ-ನಷ್ಟ ಖಾತೆಗೂ ಎರಡನೆಯದು ಅಢಾವೆ ಪತ್ರಿಕೆಯ ಹೊಣೆಗಳ ಭಾಗಕ್ಕೂ ಹೋಗುತ್ತದೆ. ಜುಲೈ 1ರಂದು ಇದೇ ನಮೂದನ್ನು ತಿರುಗಿಸಿ ಬರೆಯಲಾಗುತ್ತದೆ. ಆಗ ವಿದ್ಯುತ್ ವೆಚ್ಚ ಖಾತೆಯಲ್ಲಿ ₹19,920 ಕ್ರೆಡಿಟ್ ಬಾಕಿ ನಿಲ್ಲುತ್ತದೆ.

ಜುಲೈ 12ರ ಬಿಲ್ಲಿನಲ್ಲಿ ಮಾಪನ 48,752 ಎಂದಿದ್ದರೆ, ಅವಧಿಯ ಬಳಕೆ 2,640 ಯೂನಿಟ್, ಮೊತ್ತ ₹18,480. ನಿಗದಿತ ಶುಲ್ಕ ಸೇರಿ ₹33,480. ಈ ಬಿಲ್ಲನ್ನು ಪೂರ್ಣವಾಗಿ ವೆಚ್ಚ ಖಾತೆಗೆ ಡೆಬಿಟ್ ಮಾಡಿದಾಗ, ಕ್ರೆಡಿಟ್ ಬಾಕಿ ಕಳೆದು ₹13,560 ಮಾತ್ರ ಉಳಿಯುತ್ತದೆ. ಜುಲೈ ತಿಂಗಳ ಮೊದಲ 12 ದಿನಗಳ 1,080 ಯೂನಿಟ್ಟುಗಳ ₹7,560 ಮತ್ತು ನಿಗದಿತ ಶುಲ್ಕದ ಪಾಲು ₹6,000 ಸೇರಿದರೆ ಬರುವುದೂ ಅದೇ ಮೊತ್ತ. ಬಿಲ್ಲನ್ನು ಎರಡು ತಿಂಗಳುಗಳಿಗೆ ಹಂಚುವ ಪ್ರತ್ಯೇಕ ಕೆಲಸ ಹೀಗೆ ತಪ್ಪುತ್ತದೆ.

ಹಿಮ್ಮರಳಿಕೆ ನಮೂದು ಬಿಟ್ಟುಹೋದರೆ ಜೂನ್‌ನ 18 ದಿನಗಳ ವೆಚ್ಚ ಎರಡು ಸಲ ಸೇರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: ಜುಲೈ 1ರ ನಂತರ ಬಾಕಿ ವಿದ್ಯುತ್ ವೆಚ್ಚ ಖಾತೆಯ ಶಿಲ್ಕು ಸೊನ್ನೆಯಾಗಿರಬೇಕು. ಅಲ್ಲಿ ಹಳೆಯ ಮೊತ್ತ ಉಳಿದಿದ್ದರೆ ತಿರುಗಿಸುವುದು ಮರೆತಿದೆ ಎಂದೇ ಅರ್ಥ.

## ದೂರವಾಣಿ ವೆಚ್ಚ

ದೂರವಾಣಿಯ ಮೀಟರ್ ಗ್ರಾಹಕರ ಮನೆಯಲ್ಲಿರಲಿಲ್ಲ, ವಿನಿಮಯ ಕೇಂದ್ರದಲ್ಲಿತ್ತು. ಸ್ಥಿರ ದೂರವಾಣಿಯ ಹಳೆಯ ಬಿಲ್ಲುಗಳಲ್ಲಿ ಆರಂಭದ ಮತ್ತು ಕೊನೆಯ ಮಾಪನಗಳು ಮುದ್ರಿತವಾಗಿರುತ್ತಿದ್ದವು. ಅವುಗಳ ವ್ಯತ್ಯಾಸದಿಂದ ಉಚಿತ ಕರೆಗಳನ್ನು ಕಳೆದು ಶುಲ್ಕ ವಿಧಿಸಲಾಗುತ್ತಿತ್ತು. ಗ್ರಾಹಕರಿಗೆ ತಿಂಗಳ ಕೊನೆಯ ದಿನ ಆ ಮಾಪನವನ್ನು ನೋಡಲು ಸಾಧ್ಯವಿಲ್ಲದ್ದರಿಂದ, ಕರೆಗಳ ಸ್ವಂತ ದಾಖಲೆ ಅಥವಾ ಹಿಂದಿನ ಬಿಲ್ಲುಗಳ ಸರಾಸರಿಯೇ ಆಧಾರವಾಗುತ್ತಿತ್ತು. ಈಗಿನ ಬಹುತೇಕ ಯೋಜನೆಗಳಲ್ಲಿ ಮಾಸಿಕ ಮೊತ್ತ ನಿಗದಿಯಾಗಿರುವುದರಿಂದ ದಿನಗಳ ಲೆಕ್ಕವೇ ಸಾಕು.

ಇಲ್ಲಿ ಗಮನಿಸಬೇಕಾದದ್ದು ಬಾಡಿಗೆಯನ್ನು ಮುಂಗಡವಾಗಿ ವಿಧಿಸಲಾಗಿದೆಯೇ ಎಂಬುದು. ಮುಂಗಡವಾಗಿದ್ದರೆ ಅದಕ್ಕೆ ಬಾಕಿ ನಮೂದು ಬೇಡ. ತಿಂಗಳ ಕೊನೆಗೆ ಉಳಿದಿರುವ ದಿನಗಳ ಪಾಲು ಮುಂಗಡ ಪಾವತಿಸಿದ ವೆಚ್ಚವಾಗುತ್ತದೆ. ಯೋಜನೆಯ ಮಿತಿ ಮೀರಿದ ಬಳಕೆಯ ಶುಲ್ಕ ಮಾತ್ರ ಬಾಕಿ ವೆಚ್ಚ.

ತೆರಿಗೆಯಲ್ಲಿಯೂ ಭೇದವಿದೆ. ವಿದ್ಯುತ್ತಿಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ರಾಜ್ಯದ ವಿದ್ಯುತ್ ತೆರಿಗೆ ಮರಳಿ ಸಿಗುವುದಿಲ್ಲವಾದ್ದರಿಂದ ಅದೂ ವೆಚ್ಚದ ಭಾಗ. ದೂರವಾಣಿ ಸೇವೆಗೆ ಶೇಕಡಾ 18ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಅದನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಬಲ್ಲ ಉದ್ಯಮ ತೆರಿಗೆಯನ್ನು ಬಿಟ್ಟು ಮೂಲ ಶುಲ್ಕವನ್ನಷ್ಟೇ ಬಾಕಿ ಬರೆಯುತ್ತದೆ; ಮರಳಿ ಪಡೆಯಲಾಗದ ಉದ್ಯಮ ತೆರಿಗೆಯನ್ನೂ ಸೇರಿಸಿ ಬರೆಯುತ್ತದೆ.

## ಮಿತಿಗಳು

ಬೀಗ ಹಾಕಿದ್ದ ಕಾರಣದಿಂದಲೋ ಮೀಟರ್ ಕೆಟ್ಟಿದ್ದರಿಂದಲೋ ಕೊನೆಯ ಬಿಲ್ಲನ್ನು ಸರಾಸರಿಯ ಮೇಲೆ ಕೊಟ್ಟಿದ್ದರೆ, ಅದರಲ್ಲಿನ ಅಂಕಿ ನಿಜವಾದ ಮಾಪನವಲ್ಲ. ಮೀಟರ್ ಸರಿಯಾಗಿದ್ದಲ್ಲಿ, ಅದಕ್ಕೂ ಹಿಂದಿನ ನಿಜವಾದ ಮಾಪನದಿಂದ ಪೂರ್ಣ ಬಳಕೆಯನ್ನು ಲೆಕ್ಕಹಾಕಿ, ಬಿಲ್ ಆಗಿರುವ ಯೂನಿಟ್ಟುಗಳನ್ನು ಕಳೆಯಬೇಕು. ಮೀಟರ್ ಬದಲಾಗಿದ್ದರೆ ಹಳೆಯದರ ಕೊನೆಯ ಅಂಕಿ ಮತ್ತು ಹೊಸದರ ಆರಂಭದ ಅಂಕಿ ಎರಡೂ ಬೇಕಾಗುತ್ತವೆ. ಛಾವಣಿಯ ಮೇಲೆ ಸೌರಫಲಕಗಳಿದ್ದು ಎರಡು ದಿಕ್ಕಿನ ಮೀಟರ್ ಇರುವಲ್ಲಿ, ಪಡೆದ ಮತ್ತು ಕೊಟ್ಟ ಯೂನಿಟ್ಟುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ಮಾರ್ಚ್ 31ರಂದು ದರ ಪರಿಷ್ಕರಣೆಯ ಪ್ರಶ್ನೆ ಬರುತ್ತದೆ. ಹೊಸ ದರವು ಸಾಮಾನ್ಯವಾಗಿ ಏಪ್ರಿಲ್ 1 ಅಥವಾ ಆ ಬಳಿಕದ ಮೊದಲ ಮೀಟರ್ ಓದುವ ದಿನದಿಂದ ಅನ್ವಯವಾಗುವುದರಿಂದ, ಮಾರ್ಚ್ ತಿಂಗಳ ಬಾಕಿಯನ್ನು ಹಳೆಯ ದರದಲ್ಲಿಯೇ ಲೆಕ್ಕಹಾಕಲಾಗುತ್ತದೆ.

ಗರಿಷ್ಠ ಬೇಡಿಕೆ ಮಂಜೂರಾದ ಹೊರೆಯನ್ನು ಮೀರಿದ್ದಕ್ಕೆ ಮತ್ತು ಪವರ್ ಫ್ಯಾಕ್ಟರ್ ಕಡಿಮೆಯಾದದ್ದಕ್ಕೆ ಬೀಳುವ ಹೆಚ್ಚುವರಿ ಶುಲ್ಕ ಪೂರ್ಣ ಅವಧಿಯ ಓದುವಿಕೆಯ ನಂತರವೇ ನಿರ್ಧಾರವಾಗುತ್ತದೆ. ಆದುದರಿಂದ ಬಾಕಿ ನಮೂದಿಗೂ ಬಿಲ್ಲಿಗೂ ಸಣ್ಣ ವ್ಯತ್ಯಾಸ ಉಳಿಯಬಹುದು. ಅದನ್ನು ಬಿಲ್ ಬಂದ ತಿಂಗಳಿಗೆ ಸೇರಿಸಲಾಗುತ್ತದೆ. ಬಳಕೆ ವರ್ಷವಿಡೀ ಒಂದೇ ಸಮನಾಗಿರುವ ಸಣ್ಣ ಅಂಗಡಿಗಳಲ್ಲಿ ಹಿಂದಿನ ಬಿಲ್ಲಿನ ದಿನದ ಸರಾಸರಿಯನ್ನು ಬಳಸಿದರೂ ಫಲಿತಾಂಶದಲ್ಲಿ ಹೆಚ್ಚು ಅಂತರ ಬರುವುದಿಲ್ಲ.