ಉಕ್ಕಿಗೆಷ್ಟು ಪಾಲು, ಹಿತ್ತಾಳೆಗೆಷ್ಟು ಪಾಲು?

ಸಮುದ್ರದ ನೀರನ್ನೇ ಎಣ್ಣೆಯ ಬದಲು ಬೇರಿಂಗಿಗೆ ಹಾಯಿಸುವ ಹಡಗುಗಳುಂಟು. ಅವುಗಳಲ್ಲಿ ಪ್ರೊಪೆಲ್ಲರ್ ತಿರುಗಿಸುವ ಉಕ್ಕಿನ ಶಾಫ್ಟ್‌ಗೆ ಕಂಚಿನ ಹೊದಿಕೆ ತೊಡಿಸಿರುತ್ತಾರೆ. ನೀರೆತ್ತುವ ಕೆಲವು ಪಂಪುಗಳ ಶಾಫ್ಟ್‌ಗೂ ಹೀಗೆಯೇ ಸ್ಲೀವ್ ಇರುತ್ತದೆ. ಉಕ್ಕಿಗೆ ತುಕ್ಕು ಹಿಡಿಯಬಾರದು, ಸವೆದರೆ ಸ್ಲೀವ್ ಮಾತ್ರ ಸವೆಯಲಿ ಎನ್ನುವುದು ಅದರ ಉದ್ದೇಶ. ಆದರೆ ಒಳಗಿನ ಉಕ್ಕಿಗೆ ಭದ್ರವಾಗಿ ಅಂಟಿಕೊಂಡ ಮೇಲೆ ಹೊದಿಕೆಯೂ ಶಾಫ್ಟ್‌ನ ಭಾಗವೇ ಆಗಿಬಿಡುತ್ತದೆ. ಶಾಫ್ಟ್ ತಿರುಚಿಕೊಂಡಾಗ ಅದೂ ತಿರುಚಿಕೊಳ್ಳಲೇಬೇಕು, ಟಾರ್ಕ್‌ನಲ್ಲಿ ತನ್ನ ಪಾಲನ್ನು ಹೊರಲೇಬೇಕು. ಆ ಪಾಲು ಎಷ್ಟು?

ಬಹಳ ಜನ ಮೊದಲ ಯೋಚನೆಗೇ ಉಕ್ಕಿನ ಹೆಸರು ಹೇಳುತ್ತಾರೆ. ಉಕ್ಕು ಗಟ್ಟಿ, ಹಿತ್ತಾಳೆ ಮೆತು, ಹಾಗಾಗಿ ಭಾರವೆಲ್ಲ ಉಕ್ಕಿನ ಮೇಲೆ ಎಂಬ ಲೆಕ್ಕ ಅವರದು. ಒಂದು ಶಾಫ್ಟ್ ತೆಗೆದುಕೊಂಡು ನೋಡೋಣ. ಒಳಗೆ 40 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡ. ಅದರ ಮೇಲೆ ಎಡೆಯಿಲ್ಲದೆ ಅಂಟಿಸಿದ ಹಿತ್ತಾಳೆಯ ಸ್ಲೀವ್, ಹೊರ ವ್ಯಾಸ 60 ಮಿಲಿಮೀಟರ್. ಅಂದರೆ ಹಿತ್ತಾಳೆಯ ದಪ್ಪ ಸುತ್ತಲೂ 10 ಮಿಲಿಮೀಟರ್. ಈ ಶಾಫ್ಟ್‌ನ ಮೇಲೆ 1000 ನ್ಯೂಟನ್ ಮೀಟರ್ ಟಾರ್ಕ್ ಬಿದ್ದಿದೆ ಎಂದುಕೊಳ್ಳಿ.

ಟಾರ್ಕ್ ಒಂದನ್ನೇ ಹಿಡಿದು ಕೂತರೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ. ಉಕ್ಕಿನ ಪಾಲು, ಹಿತ್ತಾಳೆಯ ಪಾಲು ಕೂಡಿದರೆ 1000 ಎಂಬುದಷ್ಟೇ ಗೊತ್ತು. ಅದನ್ನು 500 ಮತ್ತು 500 ಎಂದೂ ಒಡೆಯಬಹುದು, 900 ಮತ್ತು 100 ಎಂದೂ ಒಡೆಯಬಹುದು. ಬೀಗ ತೆರೆಯುವುದು ಅಂಟಿನ ಸಂಗತಿ. ಎರಡೂ ಲೋಹ ಒಂದಕ್ಕೊಂದು ಜಾರದೆ ಅಂಟಿರುವುದರಿಂದ ಒಂದು ಮೀಟರ್ ಉದ್ದದಲ್ಲಿ ಉಕ್ಕು ಎಷ್ಟು ಕೋನ ತಿರುಚಿಕೊಳ್ಳುತ್ತದೋ ಹಿತ್ತಾಳೆಯೂ ಅಷ್ಟೇ ತಿರುಚಿಕೊಳ್ಳಬೇಕು. ಒಂದೇ ಕೋನಕ್ಕೆ ತಿರುಚಲು ಯಾವುದಕ್ಕೆ ಹೆಚ್ಚು ಟಾರ್ಕ್ ಬೇಕೋ ಅದರ ಪಾಲೇ ಹೆಚ್ಚು. ಅಂದರೆ ಹಂಚಿಕೆಯನ್ನು ತೀರ್ಮಾನಿಸುವುದು ಲೋಹ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂಬುದಲ್ಲ, ತಿರುಚಲು ಹೋದರೆ ಅದು ಎಷ್ಟು ಪೆಡಸಾಗಿ ನಿಲ್ಲುತ್ತದೆ ಎಂಬುದು.

ಈ ಪೆಡಸುತನಕ್ಕೆ ಎರಡು ಕಾರಣ. ಒಂದು ಲೋಹದ ಗುಣ. ಉಕ್ಕಿನ ರಿಜಿಡಿಟಿ ಮಾಡ್ಯುಲಸ್ ಸುಮಾರು 80 ಗಿಗಾಪಾಸ್ಕಲ್, ಹಿತ್ತಾಳೆಯದು ಅದರ ಅರ್ಧ, ಸುಮಾರು 40. ಇಲ್ಲಿ ಉಕ್ಕು ಎರಡು ಪಟ್ಟು ಮುಂದೆ. ಇನ್ನೊಂದು ಕಾರಣ ಆಕಾರ. ದುಂಡನೆಯ ತಂತಿಯ ತಿರುಚು ಪ್ರತಿರೋಧ ವ್ಯಾಸದ ನಾಲ್ಕನೇ ಘಾತದಂತೆ ಬೆಳೆಯುತ್ತದೆ ಎಂದು ಫ್ರಾನ್ಸಿನ ಕುಲಾಂಬ್ 1784ರಲ್ಲೇ ಪ್ರಯೋಗದಿಂದ ತೋರಿಸಿದ್ದ. ನಡುವಿನ ಅಕ್ಷದಿಂದ ದೂರ ಇರುವ ಲೋಹಕ್ಕೆ ಬೆಲೆ ಹೆಚ್ಚು, ಅಕ್ಷದ ಬಳಿ ಇರುವುದಕ್ಕೆ ತೀರ ಕಡಿಮೆ. ನಮ್ಮ ಶಾಫ್ಟ್‌ನಲ್ಲಿ 40ರ ನಾಲ್ಕನೇ ಘಾತ 25.6 ಲಕ್ಷ. 60ರದು 129.6 ಲಕ್ಷ. ಎರಡರ ವ್ಯತ್ಯಾಸ 104 ಲಕ್ಷ, ಅದು ಹಿತ್ತಾಳೆಯ ಉಂಗುರದ ಲೆಕ್ಕಕ್ಕೆ ಸೇರುತ್ತದೆ. ಆಕಾರದಲ್ಲಿ ಹಿತ್ತಾಳೆ ನಾಲ್ಕು ಪಟ್ಟಿಗೂ ಮೀರಿ ಮುಂದಿದೆ. ಉಕ್ಕಿನ ಎರಡು ಪಟ್ಟು ಮೇಲುಗೈ ಇದರೆದುರು ನಿಲ್ಲುವುದಿಲ್ಲ.

ಗುಣಿಸಿ ನೋಡಿದರೆ ಹಿತ್ತಾಳೆ 670 ನ್ಯೂಟನ್ ಮೀಟರ್ ಹೊರುತ್ತಿದೆ, ಉಕ್ಕು 330 ಮಾತ್ರ. ತುಕ್ಕು ತಡೆಯಲೆಂದು ತೊಡಿಸಿದ ಹೊದಿಕೆ ಮೂರರಲ್ಲಿ ಎರಡು ಪಾಲು ದುಡಿಯುತ್ತಿದೆ.

ಹಾಗೆಂದು ಉಕ್ಕು ಆರಾಮಾಗಿದೆ ಎಂದು ತಿಳಿಯಬಾರದು. ಒಂದೇ ಲೋಹದ ಶಾಫ್ಟ್‌ನಲ್ಲಿ ಶಿಯರ್ ಸ್ಟ್ರೆಸ್ ನಡುವೆ ಸೊನ್ನೆಯಿದ್ದು, ಹೊರಗೆ ಹೋದಂತೆ ಒಂದೇ ಸಮನೆ ಏರಿ, ಹೊರಮೈಯಲ್ಲಿ ಅತಿ ಹೆಚ್ಚಾಗಿರುತ್ತದೆ. ನಮ್ಮ ಜೋಡಿ ಶಾಫ್ಟ್‌ನಲ್ಲಿ ಉಕ್ಕಿನ ಅಂಚಿಗೆ ಬರುವಾಗ ಅದು 26 ಮೆಗಾಪಾಸ್ಕಲ್ ಮುಟ್ಟುತ್ತದೆ. ಅಂಟು ದಾಟಿ ಹಿತ್ತಾಳೆಗೆ ಕಾಲಿಟ್ಟೊಡನೆ ಸರಕ್ಕನೆ ಅರ್ಧಕ್ಕೆ, 13ಕ್ಕೆ ಇಳಿಯುತ್ತದೆ. ಅಲ್ಲಿಂದ ಮತ್ತೆ ಏರಿ ಹೊರಮೈಯಲ್ಲಿ ಸುಮಾರು 20 ಆಗುತ್ತದೆ. ಅತಿ ಹೆಚ್ಚು ಸ್ಟ್ರೆಸ್ ಇರುವ ಜಾಗ ಕಣ್ಣಿಗೆ ಕಾಣುವ ಹೊರಮೈಯಲ್ಲಿಲ್ಲ, ಸ್ಲೀವ್‌ನ ಅಡಿಯಲ್ಲಿ ಅಡಗಿದೆ. ಹೊರಗಿನಿಂದ ಪರೀಕ್ಷೆ ಮಾಡುವವರು ಇದನ್ನು ಮರೆಯಬಾರದು, ಏಕೆಂದರೆ ಉಕ್ಕಿನಲ್ಲಿ ಬಿರುಕು ಹುಟ್ಟಿದರೆ ಹಿತ್ತಾಳೆಯ ಹೊರಮೈ ಅದನ್ನು ಹೇಳುವುದಿಲ್ಲ.

ಈ ಶಾಫ್ಟ್ ಎಷ್ಟು ಟಾರ್ಕ್ ತಡೆದೀತು ಎಂದು ಕೇಳಿದಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಉಕ್ಕಿಗೆ 60, ಹಿತ್ತಾಳೆಗೆ 40 ಮೆಗಾಪಾಸ್ಕಲ್ ಮಿತಿ ಎಂದಿಟ್ಟುಕೊಳ್ಳಿ. ಉಕ್ಕು ಒಂದೇ ಇದ್ದರೆ 754 ನ್ಯೂಟನ್ ಮೀಟರ್, ಹಿತ್ತಾಳೆ ಒಂದೇ ಇದ್ದರೆ 1361, ಕೂಡಿದರೆ 2115 ಎಂದು ಬರೆದುಬಿಡುತ್ತಾರೆ. ಇದು ಸರಿಯಲ್ಲ. ಇಬ್ಬರೂ ಒಟ್ಟಿಗೇ ಮಿತಿ ಮುಟ್ಟುವುದಿಲ್ಲ. ಒಟ್ಟು ಟಾರ್ಕ್ 2031 ಆದಾಗಲೇ ಹಿತ್ತಾಳೆಯ ಹೊರಮೈ 40 ಮುಟ್ಟಿರುತ್ತದೆ, ಆ ಹೊತ್ತಿಗೆ ಉಕ್ಕು ಇನ್ನೂ 53ರಲ್ಲಿರುತ್ತದೆ. ಇಲ್ಲಿ ಅಂತರ ಚಿಕ್ಕದು, ಆದರೆ ಬೇರೆ ಅಳತೆಗಳಲ್ಲಿ ಅದು ಅಪಾಯದಷ್ಟು ದೊಡ್ಡದಾಗಬಹುದು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಅಂಟಿನ ಮೇಲೆ. ಅದರ ಕೆಲಸ ಎಲ್ಲಿ ನಡೆಯುತ್ತದೆ ಎಂಬುದು ನನಗೆ ಈ ವಿಷಯದ ಅತ್ಯಂತ ಸೊಗಸಾದ ಭಾಗ. ಶಾಫ್ಟ್‌ನ ನಡುಭಾಗದಲ್ಲಿ ಉಕ್ಕು ಮತ್ತು ಹಿತ್ತಾಳೆ ತಂತಮ್ಮ ಪಾಲು ಹೊತ್ತು ಒಂದೇ ಲಯದಲ್ಲಿ ತಿರುಚಿಕೊಂಡಿರುತ್ತವೆ. ಅಲ್ಲಿ ಒಂದು ಇನ್ನೊಂದನ್ನು ಎಳೆಯಬೇಕಾಗಿಲ್ಲ, ಹಾಗಾಗಿ ಟಾರ್ಕ್‌ನಿಂದ ಅಂಟಿನ ಮೇಲೆ ಬೀಳುವ ಹೊರೆ ಸೊನ್ನೆ. ಕಷ್ಟವೆಲ್ಲ ತುದಿಗಳಲ್ಲಿ. ಸಾಮಾನ್ಯವಾಗಿ ಕಪ್ಲಿಂಗಿನ ಕೀಲಿ ಉಕ್ಕಿನ ದಂಡಕ್ಕೆ ಮಾತ್ರ ಕೂತಿರುತ್ತದೆ. 1000 ನ್ಯೂಟನ್ ಮೀಟರ್ ಪೂರ್ತಿ ಉಕ್ಕಿನೊಳಗೆ ಬಂದು, ಅದರಲ್ಲಿ 670 ಅಂಟಿನ ಮೂಲಕ ಹಿತ್ತಾಳೆಗೆ ದಾಟಬೇಕು. ಅದು ಸ್ಲೀವ್‌ನ ಮೊದಲ 40 ಮಿಲಿಮೀಟರ್ ಉದ್ದದಲ್ಲಿ ದಾಟುತ್ತದೆ ಎಂದುಕೊಂಡರೂ ಅಂಟಿನ ಮೇಲೆ ಸರಾಸರಿ 6.7 ಮೆಗಾಪಾಸ್ಕಲ್ ಶಿಯರ್. ಸರಾಸರಿ ಎಂದರೆ ಸರಾಸರಿ ಅಷ್ಟೇ. ಸ್ಲೀವ್‌ನ ಬಾಯಲ್ಲಿ ಅದು ಇದಕ್ಕಿಂತ ಬಹಳ ಹೆಚ್ಚಿದ್ದು, ಒಳಗೆ ಹೋದಂತೆ ಬೇಗ ಕರಗುತ್ತದೆ. ಅದಕ್ಕೇ ಅಂಟು ಬಿಡುವುದು ಬಾಯಿಂದಲೇ ಶುರುವಾಗುತ್ತದೆ.

ಬಿಟ್ಟಷ್ಟು ಉದ್ದದಲ್ಲಿ ಉಕ್ಕು ಒಂಟಿಯಾಗುತ್ತದೆ. ಅಲ್ಲಿ ಅದರ ಸ್ಟ್ರೆಸ್ 26ರಿಂದ 80 ಮೆಗಾಪಾಸ್ಕಲ್‌ಗೆ, ಅಂದರೆ ಮೂರು ಪಟ್ಟಿಗೆ ಏರುತ್ತದೆ, ಮತ್ತು ಈಗ ಬಾಯಿಯ ಕೆಲಸ ಒಳಗಿನ ಹೊಸ ಅಂಚಿಗೆ ಸರಿಯುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸರಳ ದಾರಿ ಇದೆ. ಶಾಫ್ಟ್ ಹೊಸದಾಗಿದ್ದಾಗಲೇ ತುದಿಯ ಮುಖದ ಮೇಲೆ ನಡುವಿನಿಂದ ಹೊರ ಅಂಚಿನವರೆಗೆ ಎರಡೂ ಲೋಹ ದಾಟುವಂತೆ ಒಂದು ನೇರ ಗೀರು ಹಾಕಿಡಬೇಕು. ಅಂಟು ಜಾರಿದರೆ ಸೇರುವ ಗೆರೆಯಲ್ಲಿ ಗೀರು ಮುರಿದು ಪಕ್ಕಕ್ಕೆ ಸರಿದಿರುತ್ತದೆ. ಬೆಂಚಿನ ಮೇಲೆ ಪರೀಕ್ಷಿಸುವುದಾದರೆ ತಿರುಚಿದ ಕೋನವೇ ಹೇಳುತ್ತದೆ. ಅಂಟು ಗಟ್ಟಿಯಿದ್ದರೆ 1000 ನ್ಯೂಟನ್ ಮೀಟರ್‌ಗೆ ಒಂದು ಮೀಟರ್ ಉದ್ದದಲ್ಲಿ 0.94 ಡಿಗ್ರಿ. ಉದ್ದಕ್ಕೂ ಬಿಟ್ಟಿದ್ದರೆ 2.85.

ಅಂಟಿನ ಬದಲು ಹಿತ್ತಾಳೆಯನ್ನು ಕಾಯಿಸಿ ತೊಡಿಸಿ, ಆರಿದ ಮೇಲೆ ಅದು ಬಿಗಿದು ಹಿಡಿಯುವಂತೆ ಮಾಡುವುದೂ ಉಂಟು. ಅಲ್ಲಿ ಶಾಖದ ಮೇಲೆ ಕಣ್ಣಿಡಬೇಕು. ಬಿಸಿಯಾದಾಗ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ಏರಿದರೆ ನಮ್ಮ 40 ಮಿಲಿಮೀಟರ್ ವ್ಯಾಸದಲ್ಲಿ ಆ ವ್ಯತ್ಯಾಸ ಸುಮಾರು 0.017 ಮಿಲಿಮೀಟರ್. ತೊಡಿಸುವಾಗ ಇಟ್ಟ ಬಿಗಿ 0.04 ಮಿಲಿಮೀಟರ್ ಆಗಿದ್ದರೆ ಅದರಲ್ಲಿ ಐದರಲ್ಲಿ ಎರಡು ಪಾಲು ಅಲ್ಲಿಗೇ ಹೋಯಿತು. ತಣ್ಣಗಿರುವಾಗ ಒಂದಾಗಿ ತಿರುಚಿಕೊಳ್ಳುತ್ತಿದ್ದ ಶಾಫ್ಟ್ ಬಿಸಿಯಾದ ಮೇಲೆ ಒಳಗೇ ಜಾರತೊಡಗಬಹುದು. ಹಾಗಾಗಿ ಬಿಗಿಯ ಅಳತೆಯನ್ನು ಕೋಣೆಯ ಉಷ್ಣಾಂಶಕ್ಕಲ್ಲ, ಶಾಫ್ಟ್ ದುಡಿಯುವಾಗಿನ ಉಷ್ಣಾಂಶಕ್ಕೆ ಲೆಕ್ಕ ಹಾಕಬೇಕು.