ಒಂದು ಹೆಸರು, ಎರಡು ಅಂಗಡಿ: ಟ್ರೇಡ್‌ಮಾರ್ಕ್ ಕಾಯುವುದೇನನ್ನು?

ಬೆಂಗಳೂರಿನಲ್ಲಿ ‘ನಂದಿನಿ’ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಬೆಳಗಿನ ಹಾಲಿನ ಪ್ಯಾಕೆಟ್. ಆಂಧ್ರ ಶೈಲಿಯ ಊಟ, ಬಿರಿಯಾನಿ ಇಷ್ಟಪಡುವವರಿಗೆ ಅದೇ ಹೆಸರಿನ ಇನ್ನೊಂದು ಬೋರ್ಡೂ ಗೊತ್ತು: ನಂದಿನಿ ಡಿಲಕ್ಸ್ ಹೋಟೆಲು. ಇಂಗ್ಲಿಷಿನಲ್ಲಿ ಬರೆಯುವಾಗ ಹೋಟೆಲಿನವರ ಹೆಸರಿಗೆ ಒಂದು ‘ಎಚ್’ ಅಕ್ಷರ ಹೆಚ್ಚು. ಬಾಯಲ್ಲಿ ಹೇಳಿದರೆ ಆ ವ್ಯತ್ಯಾಸ ಕಿವಿಗೆ ಬೀಳುವುದೇ ಕಷ್ಟ. ಕರ್ನಾಟಕ ಹಾಲು ಮಹಾಮಂಡಳ, ಅಂದರೆ ಕೆಎಂಎಫ್, ಈ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. ಹೋಟೆಲಿನವರು ಬಳಸತೊಡಗಿದ್ದು 1989ರಲ್ಲಿ.

ಹೋಟೆಲಿನವರು ತಮ್ಮ ಹೆಸರನ್ನು ಕೆಲವು ಆಹಾರ ಪದಾರ್ಥಗಳಿಗೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಹೊರಟಾಗ ಕೆಎಂಎಫ್ ತಕರಾರು ಎತ್ತಿತು. ನೋಂದಣಿ ಅಧಿಕಾರಿ ಹೋಟೆಲಿನ ಪರವಾಗಿ ನಿಂತರು. ಮೇಲ್ಮನವಿ ಮಂಡಳಿ ಆ ಆದೇಶವನ್ನು ತಿರುಗಿಸಿತು, ಕರ್ನಾಟಕ ಹೈಕೋರ್ಟು ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ತೀರ್ಪು ಕೊಟ್ಟಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಅದರ ನೋಂದಣಿಯಿಂದ ಹೊರಗಿಡಬೇಕು ಎಂಬುದು ಷರತ್ತು.

ಮೊದಲು ಬಂದದ್ದು ಕೆಎಂಎಫ್, ದೊಡ್ಡದೂ ಅದೇ, ನಾಡಿಗೆಲ್ಲ ಗೊತ್ತಿರುವುದೂ ಅದೇ. ಹಾಗಿದ್ದರೂ ಅದು ಸೋತದ್ದೇಕೆ? ಟ್ರೇಡ್‌ಮಾರ್ಕ್ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಎಂಬುದು ಈ ಪ್ರಶ್ನೆಯ ಉತ್ತರದಲ್ಲೇ ಇದೆ.

ಟ್ರೇಡ್‌ಮಾರ್ಕ್ ನೋಂದಣಿಯಾಗುವುದು ಬರೀ ಹೆಸರಿಗಲ್ಲ, ಇಂಥ ಸರಕಿನ ಮೇಲಿನ ಇಂಥ ಹೆಸರಿಗೆ. ವ್ಯಾಪಾರದ ಸರಕು ಸೇವೆಗಳನ್ನೆಲ್ಲ 45 ವರ್ಗಗಳಾಗಿ ಹಂಚಿದ್ದಾರೆ: ಸರಕುಗಳಿಗೆ 34, ಸೇವೆಗಳಿಗೆ 11. ಹಾಲು, ಮಾಂಸ, ಮೀನು, ಖಾದ್ಯ ತೈಲ ಎಲ್ಲವೂ 29ನೇ ವರ್ಗದಲ್ಲಿ ಬರುತ್ತವೆ. ಕಾಫಿ, ಅಕ್ಕಿ, ಮಸಾಲೆಗಳು 30ರಲ್ಲಿ. ಊಟ ಬಡಿಸುವ ಹೋಟೆಲು ಸೇವೆ, ಅದು 43ರಲ್ಲಿ. ಒಂದು ವರ್ಗದೊಳಗೆ ಒಂದು ಸರಕಿಗೆ ನೋಂದಣಿ ಸಿಕ್ಕಿತೆಂದ ಮಾತ್ರಕ್ಕೆ ಆ ಇಡೀ ವರ್ಗವೇ ತನ್ನದೆಂದು ಬೇಲಿ ಹಾಕಿಕೊಳ್ಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಹಾಲು ಮಾರುವವರು ಮಾಂಸಕ್ಕೆ, ಮೀನಿಗೆ ಆ ಹೆಸರನ್ನು ಬಳಸುತ್ತಲೇ ಇಲ್ಲ. ಎರಡೂ ಲಾಂಛನಗಳು ನೋಡಲು ಬೇರೆ ಬೇರೆ. ಜೊತೆಗೆ ನಂದಿನಿ ಎಂಬುದು ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ, ಪುರಾಣದ ಕಾಮಧೇನುವಿನ ಕುಲಕ್ಕೆ ಸೇರಿದ ಹೆಸರು. ಹಾಲಿನ ಪ್ಯಾಕೆಟ್ ಕೊಳ್ಳುವವರು ಹೋಟೆಲಿನ ಬೋರ್ಡು ನೋಡಿ ಮೋಸಹೋಗುವ ಸಂಭವವಿಲ್ಲ ಎಂಬಲ್ಲಿಗೆ ವಾದ ಬಂದು ನಿಂತಿತು.

ಹೀಗೆ ಕಾನೂನು ಕಾಯುವುದು ಪದವನ್ನಲ್ಲ. ಗಿರಾಕಿ ಒಬ್ಬರ ಸರಕೆಂದು ನಂಬಿ ಇನ್ನೊಬ್ಬರದನ್ನು ಕೊಳ್ಳುವ ಗೊಂದಲ ಹುಟ್ಟದಂತೆ ಅದು ನೋಡಿಕೊಳ್ಳುತ್ತದೆ. ಬಹಳ ಪ್ರಸಿದ್ಧವಾದ ಹೆಸರುಗಳಿಗೆ ಬೇರೆ ಸರಕುಗಳ ಮೇಲೂ ಒಂದಿಷ್ಟು ರಕ್ಷಣೆ ಸಿಗಬಹುದು. ಆದರೆ ಅದಕ್ಕೆ ಆ ಹೆಸರಿನ ಕೀರ್ತಿಗೆ ಪೆಟ್ಟು ಬೀಳುತ್ತದೆ, ಇಲ್ಲವೇ ಇನ್ನೊಬ್ಬರು ಅದರ ಲಾಭ ಪಡೆಯುತ್ತಾರೆ ಎಂದು ತೋರಿಸಬೇಕು. ಕೆಎಂಎಫ್‌ನಂಥ ಸಂಸ್ಥೆಗೇ ಅದು ಸುಲಭವಾಗಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ನೋಂದಣಿ ಇಲ್ಲದವರಿಗೆ ಹಕ್ಕೇ ಇಲ್ಲ, ಯಾರು ಮೊದಲು ಅರ್ಜಿ ಹಾಕುತ್ತಾರೋ ಹೆಸರು ಅವರದು ಎಂಬುದು ಅದು. ಭಾರತದ ಕಾನೂನು ಹಾಗಿಲ್ಲ. ತಿರುನೆಲ್ವೇಲಿಯ ನೆಲ್ಲೈಯಪ್ಪರ್ ದೇವಸ್ಥಾನದ ಬಳಿ ಮಂದ ಬೆಳಕಿನ ಒಂದು ಹಲ್ವಾ ಅಂಗಡಿಯಿದೆ. ಜನ ಅದನ್ನು ‘ಇರುಟ್ಟುಕಡೈ’, ಅಂದರೆ ಕತ್ತಲಂಗಡಿ, ಎಂದೇ ಕರೆಯುತ್ತ ಬಂದರು. ಇನ್ನೊಬ್ಬ ವ್ಯಾಪಾರಿ ಮುಂದೆ ‘ತಿರುನೆಲ್ವೇಲಿ’ ಎಂಬ ಊರಿನ ಹೆಸರು ಸೇರಿಸಿ ಅದೇ ಹೆಸರಿನಲ್ಲಿ ಹಲ್ವಾ ಮಾರಲು ನೋಂದಣಿಯನ್ನೂ ಪಡೆದುಕೊಂಡರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ನೋಂದಣಿ ಪತ್ರಕ್ಕಿಂತ ಮೇಲಿನದು ಎಂದು 2015ರಲ್ಲಿ ಅದು ಹೇಳಿ, ಹಳೆಯ ಅಂಗಡಿಯವರ ಪರ ನಿಂತಿತು.

ಹಾಗಾದರೆ ದುಡ್ಡು ಕೊಟ್ಟು ನೋಂದಾಯಿಸಿಕೊಳ್ಳುವುದು ಏಕೆ? ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ.

ಗದಗದಲ್ಲಿ ಶೇಂಗಾ ಚಟ್ನಿಪುಡಿಯನ್ನೂ ಮಾವಿನ ಉಪ್ಪಿನಕಾಯಿಯನ್ನೂ ಒಂದು ಹೆಸರಿಟ್ಟು ಮಾರುವ ಮನೆಯೊಂದಿದೆ ಎಂದುಕೊಳ್ಳೋಣ. ಉಪ್ಪಿನಕಾಯಿ 29ನೇ ವರ್ಗಕ್ಕೆ, ಚಟ್ನಿಪುಡಿ 30ಕ್ಕೆ ಸೇರುತ್ತದೆ. ಒಂದೇ ಒಲೆಯ ಮೇಲೆ ತಯಾರಾದರೂ ಇವೆರಡಕ್ಕೂ ಬೇರೆ ಬೇರೆ ಶುಲ್ಕ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ, ಅಂದರೆ ಒಟ್ಟು 9,000. ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಘಟಕಕ್ಕೂ ಇದೇ ದರ. ಅದಿಲ್ಲದ ಪಾಲುದಾರಿಕೆ ಸಂಸ್ಥೆಗೆ, ಕಂಪನಿಗೆ ಇದರ ಎರಡರಷ್ಟು. ವಕೀಲರ ಅಥವಾ ಏಜೆಂಟರ ಫೀಸು ಬೇರೆ. ನೋಂದಣಿ ಹತ್ತು ವರ್ಷ ನಡೆಯುತ್ತದೆ. ನವೀಕರಣಕ್ಕೆ ವರ್ಗಕ್ಕೆ 9,000 ರೂಪಾಯಿ, ಇಲ್ಲಿ ಸಣ್ಣವರಿಗೆ ರಿಯಾಯಿತಿ ಇಲ್ಲ.

ಈಗ ಹುಬ್ಬಳ್ಳಿಯಲ್ಲಿ ಯಾರೋ ಅದೇ ಹೆಸರಿನ ಚಟ್ನಿಪುಡಿ ಮಾರತೊಡಗಿದರು ಎನ್ನಿ. ನೋಂದಣಿ ಇಲ್ಲದಿದ್ದರೆ ಗದಗದ ಮನೆಯವರು ಮೂರು ಸಂಗತಿಗಳನ್ನು ಸಾಬೀತು ಮಾಡಬೇಕು. ಹೆಸರಿಗೆ ಗಿರಾಕಿಗಳ ನಡುವೆ ಬೆಲೆ ಬಂದಿದೆ, ಎದುರಿನವರು ಗಿರಾಕಿಗಳನ್ನು ದಾರಿತಪ್ಪಿಸುತ್ತಿದ್ದಾರೆ, ಅದರಿಂದ ನಷ್ಟವಾಗಿದೆ ಅಥವಾ ಆಗಲಿದೆ. ಇದಕ್ಕೆ ವರ್ಷಗಳ ಬಿಲ್ಲು, ಜಾಹೀರಾತು, ಲೆಕ್ಕಪುಸ್ತಕ, ಗಿರಾಕಿಗಳ ಪತ್ರ ಎಲ್ಲ ಬೇಕು. ಬಿಲ್ಲಿಲ್ಲದೆ ವ್ಯಾಪಾರ ಮಾಡಿದ ಸಣ್ಣ ಮನೆಗಳು ಸೋಲುವುದು ಇಲ್ಲೇ. ನೋಂದಣಿ ಇದ್ದರೆ ಹೆಸರು ತಮ್ಮದೆನ್ನುವುದಕ್ಕೆ ಪ್ರಮಾಣಪತ್ರವೇ ಮೊದಲ ಸಾಕ್ಷಿ. ಅದನ್ನು ಸುಳ್ಳೆಂದು ತೋರಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಅನುಕೂಲವೂ ಇದೆ. ನೋಂದಾಯಿತ ಹೆಸರಿನ ಉಲ್ಲಂಘನೆಯ ದಾವೆಯನ್ನು ಹಕ್ಕುದಾರರು ತಾವು ವಾಸವಿರುವ ಅಥವಾ ವ್ಯಾಪಾರ ನಡೆಸುವ ಜಿಲ್ಲೆಯಲ್ಲೇ ಹೂಡಬಹುದು. ನೋಂದಣಿ ಇಲ್ಲದೆ ಹೂಡುವ ದಾವೆಗೆ ಈ ಸವಲತ್ತಿಲ್ಲ. ಅದನ್ನು ಎದುರುದಾರರಿರುವ ಊರಿಗೆ, ಇಲ್ಲವೇ ಮೋಸ ನಡೆದ ಊರಿಗೆ ಹೋಗಿ ಹೂಡಬೇಕು. ನಕಲು ಹುಟ್ಟಿದ್ದು ಹುಬ್ಬಳ್ಳಿಯಲ್ಲಾದರೆ ಬಸ್ಸು ಹತ್ತಿ ಹೋಗಿ ಬರಬಹುದು. ಸೂರತ್ತಿನಲ್ಲೋ ದೆಹಲಿಯಲ್ಲೋ ಹುಟ್ಟಿದರೆ ಪ್ರತಿ ವಾಯಿದೆಗೂ ಓಡಾಟ, ಅಲ್ಲಿನ ವಕೀಲರ ಫೀಸು. ದೂರದ ಊರಿನವರು ಹೆಸರು ಕದ್ದರೆ 4,500 ರೂಪಾಯಿಯ ನಿಜವಾದ ಬೆಲೆ ಕಾಣುವುದು ಆಗಲೇ.

ಆದ್ದರಿಂದ ನೋಂದಣಿಯ ಖರ್ಚು ಸಾರ್ಥಕವೇ ಎಂದು ತೂಗಲು ವಹಿವಾಟಿನ ಮೊತ್ತಕ್ಕಿಂತ ಒಳ್ಳೆಯ ತಕ್ಕಡಿ ಒಂದಿದೆ: ಸರಕು ಮಾಡಿದವರ ಕೈಬಿಟ್ಟು ಎಷ್ಟು ದೂರ ಹೋಗುತ್ತದೆ? ಮೂಲೆಯ ಖಾನಾವಳಿಗೆ ಬರುವ ಗಿರಾಕಿ ಯಜಮಾನರ ಮುಖ ನೋಡಿ ಬರುತ್ತಾನೆ. ಅಲ್ಲಿ ಬೋರ್ಡಿನ ಹೆಸರು ಬದಲಾದರೂ ವ್ಯಾಪಾರ ನಿಲ್ಲದು. ಅಂಥವರು ಬಿಲ್ಲುಗಳನ್ನು ಜೋಪಾನವಾಗಿಟ್ಟುಕೊಂಡರೆ ಸದ್ಯಕ್ಕೆ ಸಾಕು. ಸರಕು ಪ್ಯಾಕೆಟ್ಟಿಗೆ ಸೇರಿ ಪರರ ಅಂಗಡಿಯ ಕಪಾಟು ಏರಿದ ದಿನ, ಆನ್‌ಲೈನಿನಲ್ಲಿ ಮಾರಾಟವಾದ ದಿನ, ಇನ್ನೊಬ್ಬರಿಗೆ ಶಾಖೆ ತೆರೆಯಲು ಒಪ್ಪಿಗೆ ಕೊಟ್ಟ ದಿನ ಗಿರಾಕಿಗೆ ಕಾಣುವುದು ಹೆಸರೊಂದೇ. ಆ ದಿನಕ್ಕಿಂತ ಸ್ವಲ್ಪ ಮೊದಲೇ ಅರ್ಜಿ ಹಾಕುವುದು ಜಾಣತನ. ನೋಂದಣಿ ಸಿಗುವುದು ತಡವಾದರೂ ಹಕ್ಕು ಎಣಿಕೆಯಾಗುವುದು ಅರ್ಜಿ ಹಾಕಿದ ದಿನಾಂಕದಿಂದ. ಜಿಎಸ್‌ಟಿ ಸಂಖ್ಯೆ, ಆಹಾರ ಸುರಕ್ಷತೆಯ ಪರವಾನಗಿ, ಕಂಪನಿ ನೋಂದಣಿ ಇವ್ಯಾವುವೂ ಹೆಸರಿನ ಮೇಲೆ ಇಂಥ ಹಕ್ಕು ಕೊಡುವುದಿಲ್ಲ. ಕಂಪನಿ ಮಾಡಿಕೊಂಡಿದ್ದೇವೆ, ಹೆಸರು ನಮ್ಮದಾಯಿತು ಎಂದು ನಿಶ್ಚಿಂತೆಯಿಂದ ಇರುವವರು ಅನೇಕರಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಕೆಲವು ಹೆಸರುಗಳಿಗೆ ಎಷ್ಟು ಖರ್ಚು ಮಾಡಿದರೂ ರಕ್ಷಣೆ ತೆಳುವಾಗಿಯೇ ಉಳಿಯುತ್ತದೆ. ಸರಕಿನ ಗುಣವನ್ನೇ ಹೇಳುವ ಹೆಸರುಗಳು ಈ ಜಾತಿಯವು. ಸಫೋಲಾ ಎಣ್ಣೆಯ ಮಾರಿಕೋ ಕಂಪನಿ ‘ಲೋಸಾರ್ಬ್’ ಎಂಬ ಪದವನ್ನು ನೋಂದಾಯಿಸಿಕೊಂಡಿತ್ತು. ಸನ್‌ಡ್ರಾಪ್ ಎಣ್ಣೆಯವರು ತಮ್ಮ ಪೊಟ್ಟಣದ ಮೇಲೆ ‘ಲೋ ಅಬ್ಸಾರ್ಬ್’ ಎಂದು ಬರೆದಾಗ ಅದನ್ನು ತಡೆಯಲು ಕೋರ್ಟಿಗೆ ಹೋಯಿತು. ತಿಂಡಿ ಎಣ್ಣೆಯನ್ನು ಕಡಿಮೆ ಹೀರುತ್ತದೆ ಎಂದು ವಿವರಿಸುವ ಮಾತು ಅದು, ಒಬ್ಬರ ಸ್ವತ್ತಾಗಲಾರದು ಎಂದು 2010ರಲ್ಲಿ ದೆಹಲಿ ಹೈಕೋರ್ಟು ತಡೆಯಾಜ್ಞೆ ನಿರಾಕರಿಸಿತು. ‘ರುಚಿ ಚಟ್ನಿ’, ‘ಶುದ್ಧ ತುಪ್ಪ’ದಂಥ ಹೆಸರಿಟ್ಟವರಿಗೂ ಇದೇ ಗತಿ. ಅಂಥವರು ಶುಲ್ಕ ಕಟ್ಟುವ ಮೊದಲು ಹೆಸರನ್ನೇ ಬದಲಿಸುವುದು ಅಗ್ಗ.

ಅರ್ಜಿ ಹಾಕಿದ ಮೇಲೂ ಎಡವುವ ಜಾಗಗಳಿವೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ ಉತ್ತರಿಸಲು ಮೂವತ್ತು ದಿನ. ಅಲ್ಲಿ ಪಾಸಾದ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ಎತ್ತಬಹುದು. ತಕರಾರಿನ ನೋಟಿಸು ತಲುಪಿದ ಎರಡು ತಿಂಗಳೊಳಗೆ ಉತ್ತರ ಸಲ್ಲಿಸದಿದ್ದರೆ ಅರ್ಜಿದಾರರು ಅರ್ಜಿಯನ್ನು ಕೈಬಿಟ್ಟಂತೆ ಎಂದು ಕಾನೂನು ಭಾವಿಸುತ್ತದೆ. ನೋಟಿಸು ಬರುವುದು ಬಹುತೇಕ ಇಮೇಲಿಗೆ. ಅರ್ಜಿ ಹಾಕಿಕೊಟ್ಟ ಏಜೆಂಟರ ಇಮೇಲನ್ನೇ ಕೊಟ್ಟು ಮರೆತವರಿಗೆ ವಿಷಯ ತಿಳಿಯುವುದೇ ಅರ್ಜಿ ಸತ್ತ ಮೇಲೆ. ತಕರಾರು ಶುರುವಾದರೆ ಸಾಕ್ಷ್ಯ, ವಿಚಾರಣೆ ಎಂದು ವರ್ಷಗಟ್ಟಲೆ ಎಳೆಯುತ್ತದೆ, ದೊಡ್ಡ ಖರ್ಚು ಬರುವುದೂ ಇಲ್ಲಿಯೇ. ಅದಕ್ಕೇ ಅರ್ಜಿಗೆ ಮೊದಲು ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ ನೋಡಬೇಕು. ಹುಡುಕುವಾಗ ಕಾಗುಣಿತವನ್ನಷ್ಟೇ ಹಿಡಿಯದೆ, ಒಂದೇ ತೆರನಾಗಿ ಕೇಳಿಸುವ ಎಲ್ಲ ರೂಪಗಳನ್ನೂ ನೋಡಬೇಕು.

ಹೆಸರು ಪಡೆದು ಬಳಸದೆ ಇಟ್ಟುಕೊಂಡರೂ ಉಳಿಯದು. ನೋಂದಣಿಯಾಗಿ ಐದು ವರ್ಷ ಬಳಸದೆ ಬಿಟ್ಟ ಹೆಸರನ್ನು ತೆಗೆಸಿಹಾಕಲು ಬೇರೆಯವರು ಕೇಳಬಹುದು. ಮುಂದೆಂದೋ ಬೇಕಾದೀತೆಂದು ಹತ್ತು ವರ್ಗಗಳಿಗೆ ದುಡ್ಡು ಕಟ್ಟುವುದು ಅದಕ್ಕೇ ವ್ಯರ್ಥ.

ಕೊನೆಯದಾಗಿ ಒಂದು ಸಾಲು, ಅರ್ಜಿಯ ಮೊದಲ ಪುಟದ್ದು: ಹಕ್ಕುದಾರರು ಯಾರು? ಅಣ್ಣತಮ್ಮಂದಿರು ಕೂಡಿ ನಡೆಸುವ ವ್ಯಾಪಾರದಲ್ಲಿ, ಶುಲ್ಕ ಕಡಿಮೆಯಾಗುತ್ತದೆಂದು ಒಬ್ಬನ ಹೆಸರಿನಲ್ಲಿ ಅರ್ಜಿ ಹಾಕುವುದು ಸಾಮಾನ್ಯ. ಮುಂದೆ ಪಾಲಾದಾಗ ನೋಂದಣಿ ಪುಸ್ತಕದಲ್ಲಿ ಹಕ್ಕುದಾರನಾಗಿ ಕಾಣುವುದು ಆ ಒಬ್ಬನೇ. ಉಳಿದವರು ತಾವೂ ಕಟ್ಟಿ ಬೆಳೆಸಿದ ಹೆಸರಿಗಾಗಿ ಹಳೆಯ ಬಿಲ್ಲುಗಳನ್ನು ಹುಡುಕಿಕೊಂಡು ಕೋರ್ಟಿಗೆ ಹೋಗಬೇಕಾಗುತ್ತದೆ. ಪಾಲುದಾರಿಕೆ ಸಂಸ್ಥೆಗೆ ಉದ್ಯಮ್ ಪ್ರಮಾಣಪತ್ರ ಮಾಡಿಸಿ ಅದರ ಹೆಸರಿನಲ್ಲೇ ಅರ್ಜಿ ಹಾಕಿದರೆ ಶುಲ್ಕ ಅದೇ 4,500.