ಪಾಠಕ್ಕೆ ಮೊದಲು ಗಂಟಲಿಗೆ ಐದು ನಿಮಿಷ



ಬೆಳಗಿನ ಮೊದಲ ತರಗತಿಯಲ್ಲಿ ಖಣಖಣ ಎನ್ನುತ್ತಿದ್ದ ಮೇಷ್ಟ್ರ ದನಿ ಸಂಜೆಯ ಹೊತ್ತಿಗೆ ಒಡೆದುಹೋಗಿರುವುದನ್ನು ನೀವು ಗಮನಿಸಿರಬಹುದು. ‘ಗಂಟಲು ಕಟ್ಟಿದೆ’ ಎಂದು ಅವರು ಬಿಸಿನೀರು ತರಿಸಿ ಕುಡಿಯುತ್ತಾರೆ. ಆದರೆ ಕುಡಿದ ನೀರು ಅನ್ನನಾಳಕ್ಕೆ ಇಳಿಯುತ್ತದೆ. ದನಿ ಹುಟ್ಟುವ ಜಾಗವನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಹಾಗಾದರೆ ದಣಿದದ್ದು ಯಾವುದು?

ಶ್ವಾಸನಾಳದ ತುದಿಯಲ್ಲಿರುವ ಧ್ವನಿಪೆಟ್ಟಿಗೆಯೊಳಗೆ ಎರಡು ಪುಟ್ಟ ಮಡಿಕೆಗಳಿವೆ. ಇವೇ ಧ್ವನಿತಂತುಗಳು. ಶ್ವಾಸಕೋಶದಿಂದ ಬರುವ ಗಾಳಿಗೆ ಇವು ಕಂಪಿಸಿ, ಒಂದಕ್ಕೊಂದು ತಾಗಿ ಬಿಡುವುದರಿಂದ ದನಿ ಹುಟ್ಟುತ್ತದೆ. ಸಾಮಾನ್ಯವಾಗಿ ಮಾತನಾಡುವಾಗ ಮಹಿಳೆಯರಲ್ಲಿ ಸೆಕೆಂಡಿಗೆ ಸುಮಾರು 200 ಬಾರಿ, ಪುರುಷರಲ್ಲಿ ಸುಮಾರು 120 ಬಾರಿ ಹೀಗಾಗುತ್ತದೆ.

ಒಂದು ಲೆಕ್ಕ ಹಾಕೋಣ. ಒಬ್ಬ ಅಧ್ಯಾಪಕಿ 45 ನಿಮಿಷ ಪಾಠ ಮಾಡುತ್ತಾರೆ. ಉಸಿರೆಳೆಯುವುದು, ಹಲಗೆಯ ಮೇಲೆ ಬರೆಯುವುದು, ಪ್ರಶ್ನೆ ಕೇಳಿ ಕಾಯುವುದು ಎಲ್ಲವನ್ನೂ ಕಳೆದು, ತಂತುಗಳು ನಿಜವಾಗಿ ಕಂಪಿಸುವ ಹೊತ್ತು 15 ನಿಮಿಷ, ಅಂದರೆ 900 ಸೆಕೆಂಡು ಎಂದಿಟ್ಟುಕೊಳ್ಳಿ. ಆಗ ತಂತುಗಳು 1,80,000 ಬಾರಿ ತಾಗುತ್ತವೆ. ನಾಲ್ಕು ತರಗತಿಗಳಿಗೆ ಇದು 7,20,000. ಹಿಂದಿನ ಬೆಂಚಿಗೂ ಕೇಳಲಿ ಎಂದು ಗಂಟಲು ಬಿಗಿದು ಕೂಗಿದರೆ ಪ್ರತಿ ತಾಗುವಿಕೆಯೂ ಜೋರಾದ ಪೆಟ್ಟಾಗುತ್ತದೆ. ಪೆಟ್ಟು ತಿಂದ ತಂತು ಊದಿಕೊಳ್ಳುತ್ತದೆ. ಊದಿದ ತಂತು ಸರಾಗವಾಗಿ ಕಂಪಿಸದೆ ದನಿ ಒಡೆಯುತ್ತದೆ.

ಪೆಟ್ಟಿನ ಬಿರುಸನ್ನು ತಗ್ಗಿಸಿ ತಂತುಗಳನ್ನು ಪಾಠಕ್ಕೆ ಅಣಿಗೊಳಿಸುವ ಒಂದು ಸರಳ ಉಪಾಯ ಎಳನೀರು ಕುಡಿಯುವಂಥ ಸ್ಟ್ರಾ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಈ ಬಗೆಯ ಅಭ್ಯಾಸದ ಹಿಂದಿರುವ ಭೌತವಿಜ್ಞಾನವನ್ನು 2006ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಕಿರಿದಾದ ಕೊಳವೆಯ ಮೂಲಕ ದನಿ ಹೊರಡಿಸಿದಾಗ ಗಾಳಿಗೆ ತಡೆಯಾಗಿ ಬಾಯೊಳಗೆ ಒತ್ತಡ ಏರುತ್ತದೆ. ಈ ಒತ್ತಡ ಮೇಲಿನಿಂದ ಮರಳಿ ಧ್ವನಿತಂತುಗಳವರೆಗೆ ತಲುಪಿ, ಅವು ತೀರ ಬಿಗಿಯಾಗಿ ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಹೀಗಾಗಿ ತಂತುಗಳು ಚೆನ್ನಾಗಿ ಚಾಚಿಕೊಂಡು ಕಂಪಿಸಿದರೂ ಪೆಟ್ಟು ಮೃದುವಾಗಿರುತ್ತದೆ.

ಅಭ್ಯಾಸದ ಕ್ರಮ ಹೀಗಿದೆ. ಸುಮಾರು 5 ಮಿಲಿಮೀಟರ್ ಅಗಲದ ಬಾಯಿಯಿರುವ ಸ್ಟ್ರಾ ತೆಗೆದುಕೊಳ್ಳಿ. ಅರ್ಧ ಲೋಟ ನೀರಿನಲ್ಲಿ ಅದರ ತುದಿಯನ್ನು 2 ಸೆಂಟಿಮೀಟರಿನಷ್ಟು ಮುಳುಗಿಸಿ, ತುಟಿಗಳಿಂದ ಮೆತ್ತಗೆ ಹಿಡಿದು ‘ಊ’ ಎನ್ನಿ. ಗುಳ್ಳೆಗಳು ಒಂದೇ ಸಮನೆ ಏಳಬೇಕು. ಒಂದೆರಡು ನಿಮಿಷ ಒಂದೇ ಸ್ಥಾಯಿಯಲ್ಲಿ ಮಾಡಿದ ನಂತರ, ದನಿಯನ್ನು ತಗ್ಗಿನಿಂದ ಎತ್ತರಕ್ಕೆ, ಎತ್ತರದಿಂದ ತಗ್ಗಿಗೆ ಜಾರಿಸಿ. ಆಮೇಲೆ ಗೊತ್ತಿರುವ ಯಾವುದಾದರೂ ಹಾಡಿನ ಧಾಟಿಯನ್ನು ಸ್ಟ್ರಾದಲ್ಲೇ ಗುನುಗಿ. ಕೊನೆಯ ಒಂದು ನಿಮಿಷ ಸ್ಟ್ರಾ ಬದಿಗಿಟ್ಟು, ತುಟಿ ಮುಚ್ಚಿ ‘ಮ್‌’ ಎಂದು ಶುರುಮಾಡಿ ‘ಮನೆ, ಮಾವು, ಮಾಮ’ ಎಂದು ನಿಧಾನವಾಗಿ ಹೇಳಿ. ಸ್ಟ್ರಾದಲ್ಲಿ ಸಿಕ್ಕ ಹಗುರತನ ಮಾತಿಗೂ ಬರಲಿ ಎಂಬುದೇ ಇದರ ಉದ್ದೇಶ.

ಸರಿಯಾಗಿ ಮಾಡುತ್ತಿದ್ದೀರಾ ಎಂದು ತಿಳಿಯಲು ನಡುವೆ ಮೂಗನ್ನು ಬೆರಳಿನಿಂದ ಮುಚ್ಚಿ ನೋಡಿ. ದನಿ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ, ಬಾಯೊಳಗೆ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಗುಳ್ಳೆ ಎದ್ದರೂ ದನಿ ಬಾರದಿದ್ದರೆ ನೀವು ಬರಿದೇ ಊದುತ್ತಿದ್ದೀರಿ. ಕತ್ತಿನ ನರಗಳು ಉಬ್ಬಿದರೆ ಬಲ ಹೆಚ್ಚಾಯಿತು, ದನಿ ತಗ್ಗಿಸಿ. ಕಂಪನ ಗಂಟಲಿನಲ್ಲಲ್ಲ, ತುಟಿ ಮತ್ತು ಮೂಗಿನ ಸುತ್ತ ತಿಳಿಯಬೇಕು.

ಪಾಠದ ನಂತರ ಇನ್ನೊಂದು ಪರೀಕ್ಷೆ. ತೀರ ಮೆಲ್ಲಗೆ, ಆದರೆ ಎತ್ತರದ ಸ್ಥಾಯಿಯಲ್ಲಿ ಹಾಡಿನ ಒಂದು ಸಾಲನ್ನು ಹಾಡಿ ನೋಡಿ. ಬೆಳಿಗ್ಗೆ ಸಲೀಸಾಗಿ ಬಂದ ದನಿ ಈಗ ತಡವಾಗಿ, ಮೊದಲು ಬರಿಯ ಗಾಳಿಯಾಗಿ ಹೊರಟರೆ ತಂತು ಊದಿರಬಹುದು. ಅಂಥ ದಿನ ಮಾತು ಕಡಿಮೆ ಮಾಡಬೇಕು. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ತಂತುಗಳಿಗೆ ಪೆಟ್ಟೇ.

ಈ ಅಭ್ಯಾಸಕ್ಕೊಂದು ಮಿತಿಯಿದೆ. ಸುತ್ತ ಗದ್ದಲವಿದ್ದರೆ ನಮಗರಿಯದೆಯೇ ನಮ್ಮ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದರು. ಗದ್ದಲದ ತರಗತಿಯಲ್ಲಿ ಬೆಳಗಿನ ಐದು ನಿಮಿಷದ ಫಲ ಬೇಗ ಕರಗುತ್ತದೆ. ಅಲ್ಲಿ ಬೇಕಾದದ್ದು ಮೈಕು, ಇಲ್ಲವೇ ನಿಮ್ಮ ಮೌನ. ದನಿಯ ಒಡಕು ಮೂರು ವಾರ ಕಳೆದರೂ ಹೋಗದಿದ್ದರೆ ತಂತುಗಳಲ್ಲಿ ಗಂಟು ಅಥವಾ ಬೇರೆ ತೊಂದರೆ ಇರಬಹುದು. ಆಗ ಸ್ಟ್ರಾ ನೆಚ್ಚಿ ಕೂರದೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಧ್ವನಿ ತೊಂದರೆಗಳಿಗೆ ಪರೀಕ್ಷೆ ಮತ್ತು ಚಿಕಿತ್ಸೆ ದೊರೆಯುತ್ತದೆ.

ಚರ್ಚಾಸ್ಪರ್ಧೆಗೆ ನಿಲ್ಲುವವರೂ ಬಿ.ಎಡ್. ಪಾಠಾಭ್ಯಾಸಕ್ಕೆ ಹೊರಡುವವರೂ ಈ ಕ್ರಮವನ್ನು ಇಂದೇ ಮಾಡಿ ನೋಡಬಹುದು. ಅದಕ್ಕೆ ಮೊದಲು ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ, ಐದು ನಿಮಿಷ ಸ್ಟ್ರಾದಲ್ಲಿ ಗುನುಗಿ, ಅದೇ ವಾಕ್ಯವನ್ನು ಮತ್ತೆ ಓದಿ. ಎರಡನೆಯ ಬಾರಿ ಗಂಟಲಿಗೆ ಬಿದ್ದ ಶ್ರಮ ಕಡಿಮೆಯಾಯಿತೇ ಎಂಬುದನ್ನು ನೀವೇ ಹೋಲಿಸಿ ನೋಡಿ.